ರೇಟೆಡ್ ಕೆಪ್ಯಾಸಿಟಿ: 20000 ಎಲ್ಲಿ ಹೋಯಿತು, 12000 ಎಲ್ಲಿಂದ ಬಂತು

ಪವರ್ ಬ್ಯಾಂಕ್ ಒಂದಕ್ಕೆ ಒಂದೇ ಸ್ಟಾರ್ ಕೊಟ್ಟ ಮತ್ತೊಂದು ರಿವ್ಯೂ ಕಣ್ಣಿಗೆ ಬಿತ್ತು. ‘ಮುಂದುಗಡೆ 20000 ಅಂತ ದೊಡ್ಡದಾಗಿ ಬರೆದು, ಹಿಂದೆ ಸಣ್ಣಕ್ಷರದಲ್ಲಿ ರೇಟೆಡ್ ಕೆಪ್ಯಾಸಿಟಿ 12000 ಅಂತ ಹಾಕಿದ್ದಾರೆ. 8000 ನುಂಗಿದ್ದಾರೆ, ಮೋಸ.’ ಇದು ಉಪಯುಕ್ತ ಅಂತ ಬಹಳ ಜನ ಒತ್ತಿಯೂ ಇದ್ದಾರೆ. ಅದೇ ಪುಟದ ಕೆಳಗೆ 799 ರೂಪಾಯಿಗೆ 50000 ಎಂಎಎಚ್ ಮಾರುವವರ ಜಾಹೀರಾತು ಇತ್ತು. ಅಲ್ಲಿ ರೇಟೆಡ್ ಕೆಪ್ಯಾಸಿಟಿಯ ಸುಳಿವೇ ಇಲ್ಲ, ಸ್ಟಾರ್ ಮಾತ್ರ ನಾಲ್ಕೂವರೆ. ಲೆಕ್ಕ ತೋರಿಸಿದವರಿಗೆ ಬೈಗುಳ, ಮುಚ್ಚಿಟ್ಟವರಿಗೆ ಶಭಾಷ್.

ತಪ್ಪಿನ ಬೇರು ಎಂಎಎಚ್ ಅನ್ನುವ ಮಾನದಲ್ಲೇ ಇದೆ. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ಸಮಾವೇಶ, ವಿದ್ಯುತ್ ಪ್ರವಾಹದ ಮಾನಕ್ಕೆ ಫ್ರಾನ್ಸಿನ ವಿಜ್ಞಾನಿ ಆಂದ್ರೆ-ಮಾರೀ ಆಂಪೇರ್ ಅವರ ಹೆಸರಿಟ್ಟಿತು. ಆಂಪಿಯರನ್ನು ಗಂಟೆಯಿಂದ ಗುಣಿಸಿದರೆ ಆಂಪಿಯರ್-ಅವರ್, ಅದರ ಸಾವಿರದಲ್ಲೊಂದು ಭಾಗ ಮಿಲಿಆಂಪಿಯರ್-ಅವರ್, ಅಂದರೆ ಎಂಎಎಚ್. ಎಷ್ಟು ಪ್ರವಾಹ ಎಷ್ಟು ಹೊತ್ತು ಹರಿಯಬಲ್ಲದು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ. ಎಷ್ಟು ಶಕ್ತಿ ತುಂಬಿದೆ ಅನ್ನುವುದನ್ನು ಹೇಳುವುದಿಲ್ಲ. ಶಕ್ತಿ ಗೊತ್ತಾಗಬೇಕಾದರೆ ಅದನ್ನು ವೋಲ್ಟ್‌ನಿಂದ ಗುಣಿಸಬೇಕು, ಆಗ ಸಿಗುವುದು ವ್ಯಾಟ್-ಅವರ್. ವೋಲ್ಟ್ ಹೇಳದೆ ಬರೀ ಎಂಎಎಚ್ ಹೇಳುವುದು ಅರ್ಧಕ್ಕೆ ನಿಲ್ಲಿಸಿದ ಮಾತು.

ಫೋನಿನ ವಿಷಯದಲ್ಲಿ ಈ ಅರ್ಧ ಮಾತೇ ಸಾಕಾಗುತ್ತಿತ್ತು. ಬಹುಪಾಲು ಫೋನುಗಳ ಬ್ಯಾಟರಿ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಆದ್ದರಿಂದ 4000ಕ್ಕಿಂತ 5000 ದೊಡ್ಡದು ಅಂದರೆ ದೊಡ್ಡದೇ. ಪವರ್ ಬ್ಯಾಂಕ್‌ನಲ್ಲಿ ಹಾಗಲ್ಲ, ಅಲ್ಲಿ ಎರಡು ವೋಲ್ಟೇಜ್ ಇವೆ. ಒಳಗಿನ ಲಿಥಿಯಂ ಸೆಲ್‌ನದ್ದು ಸರಾಸರಿ 3.7 ವೋಲ್ಟ್. ಯುಎಸ್‌ಬಿ ತೂತಿನಿಂದ ಹೊರಗೆ ಬರುವುದು 5 ವೋಲ್ಟ್, ವೇಗದ ಚಾರ್ಜಿಂಗ್ ಆದರೆ 9 ಅಥವಾ ಇನ್ನೂ ಹೆಚ್ಚು. ಮುಂದುಗಡೆಯ 20000 ಒಳಗಿನ ವೋಲ್ಟೇಜ್‌ನ ಲೆಕ್ಕ, ಹಿಂದುಗಡೆಯ 12000 ಹೊರಗಿನ ವೋಲ್ಟೇಜ್‌ನ ಲೆಕ್ಕ. ಎರಡೂ ನಿಜವೇ.

ಆ ರಿವ್ಯೂಕಾರರ ಪವರ್ ಬ್ಯಾಂಕ್‌ನ ಹಿಂದೆ ಬರೆದದ್ದನ್ನೇ ತೆಗೆದುಕೊಳ್ಳೋಣ:

```
Battery: 20000mAh 3.7V 74Wh
Rated Capacity: 12000mAh (5V⎓3A)
```

20 ಆಂಪಿಯರ್-ಅವರನ್ನು 3.7ರಿಂದ ಗುಣಿಸಿದರೆ 74 ವ್ಯಾಟ್-ಅವರ್. ಇಷ್ಟೇ ಶಕ್ತಿಯನ್ನು 5 ವೋಲ್ಟ್‌ನಲ್ಲಿ ಅಳೆದರೆ 74 ಭಾಗಿಸು 5, ಅಂದರೆ 14800 ಎಂಎಎಚ್. ಇಲ್ಲಿಯವರೆಗೆ ಒಂದು ಹನಿಯೂ ಸೋರಿಲ್ಲ. 20000 ಇದ್ದದ್ದು 14800 ಆದದ್ದು ಅಳತೆಗೋಲು ಬದಲಾದದ್ದರಿಂದ ಮಾತ್ರ. ನಿಜವಾಗಿ ಸೋರುವುದು ಇದರ ನಂತರ. 3.7 ವೋಲ್ಟನ್ನು 5ಕ್ಕೆ ಏರಿಸುವ ಸರ್ಕ್ಯೂಟ್ ಬಿಸಿಯಾಗುತ್ತದೆ, ಸೆಲ್ ತಾನೂ ಸ್ವಲ್ಪ ಬಿಸಿಯಾಗುತ್ತದೆ. 12000 ಎಂಎಎಚ್ 5 ವೋಲ್ಟ್‌ನಲ್ಲಿ 60 ವ್ಯಾಟ್-ಅವರ್ ಆಗುತ್ತದೆ. 74ರಲ್ಲಿ 60 ಅಂದರೆ ನೂರಕ್ಕೆ 81. ಮೋಸ ಅಂದದ್ದು ಇದನ್ನು! ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿದವರು ಕ್ವಿಂಟಾಲ್ ಅಕ್ಕಿ ಕೇಳುವುದಿಲ್ಲ. ಆದರೂ ಆ ಹೋಲಿಕೆ ಇಲ್ಲಿ ಅರ್ಧ ಮಾತ್ರ ಸರಿ, ಏಕೆಂದರೆ 8000ದಲ್ಲಿ ಹೊಟ್ಟಾಗಿ ಹೋದದ್ದು 2800 ಮಾತ್ರ, ಉಳಿದ 5200 ಬರೀ ಲೆಕ್ಕದ ಬದಲಾವಣೆ.

ಆವರಣದಲ್ಲಿರುವ 3 ಆಂಪಿಯರ್ ಕೂಡ ಅಲಂಕಾರಕ್ಕಲ್ಲ. ಹೆಚ್ಚು ಪ್ರವಾಹ ಎಳೆದಷ್ಟೂ ಬಿಸಿ ಹೆಚ್ಚು, ಸಿಗುವುದು ಕಡಿಮೆ. 1 ಆಂಪಿಯರ್‌ನಲ್ಲಿ ಅಳೆದರೆ ಇದೇ ಡಬ್ಬ ಇನ್ನೊಂದಿಷ್ಟು ಜಾಸ್ತಿ ಕೊಡುತ್ತದೆ. ಯಾವ ವೋಲ್ಟ್, ಎಷ್ಟು ಆಂಪಿಯರ್ ಅಂತ ಹೇಳದ ರೇಟೆಡ್ ಕೆಪ್ಯಾಸಿಟಿಯೂ ಪೂರ್ತಿ ಮಾತಲ್ಲ.

ಹಾಗಾದರೆ 5000 ಎಂಎಎಚ್ ಫೋನನ್ನು ಇದು ಎಷ್ಟು ಸಲ ತುಂಬೀತು? 20000 ಭಾಗಿಸು 5000, ನಾಲ್ಕು ಸಲ ಅನ್ನುತ್ತದೆ ಜಾಹೀರಾತು. ಫೋನಿನ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಹಿಡಿಯುತ್ತದೆ. ಕೇಬಲ್ಲಿನಲ್ಲೂ ಫೋನಿನೊಳಗಿನ ಚಾರ್ಜಿಂಗ್‌ನಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುವುದರಿಂದ 60ರಲ್ಲಿ 50ರಷ್ಟು ಒಳಗೆ ಸೇರಿತು ಅಂದುಕೊಳ್ಳಿ. ಎರಡೂವರೆ ಸಲ. ಲಿಸ್ಟಿಂಗ್‌ನಲ್ಲಿ ‘ಸುಮಾರು 2.5 ಸಲ’ ಅಂತ ಕಂಡರೆ, ಬರೆದವರು ಗುಣಾಕಾರ ಮಾಡಿ ಬರೆದಿದ್ದಾರೆ ಅಂತ ತಿಳಿಯಿರಿ.

ಯುಎಸ್‌ಬಿ ಮೀಟರ್ ಕೊಂಡು ಅಳೆಯುವವರದ್ದು ಇನ್ನೊಂದು ಗೋಳು. ಮೀಟರನ್ನು ಸಿಕ್ಕಿಸಿ, ಫೋನನ್ನು ವೇಗದ ಚಾರ್ಜಿಂಗ್‌ಗೆ ಹಾಕಿ, ಕೊನೆಗೆ 6500 ಎಂಎಎಚ್ ಅಂತ ಓದಿ, ‘12000 ಕೂಡ ಇಲ್ಲ, ಅದೂ ಸುಳ್ಳು’ ಅಂತ ಫೋಟೊ ಹಾಕುತ್ತಾರೆ. ಅದೇ ಫೋಟೊದಲ್ಲಿ ವೋಲ್ಟೇಜ್ 9 ಅಂತ ಕಾಣುತ್ತಿರುತ್ತದೆ! 6.5ನ್ನು 9ರಿಂದ ಗುಣಿಸಿದರೆ 58.5 ವ್ಯಾಟ್-ಅವರ್, ಬರೆದದ್ದಕ್ಕೆ ಹತ್ತಿರವೇ. ಮೀಟರಿನಲ್ಲಿ ನೋಡಬೇಕಾದದ್ದು ಎಂಎಎಚ್ ಅಲ್ಲ, ವ್ಯಾಟ್-ಅವರ್ ಸಾಲು. ಎಂಎಎಚ್ ಅನ್ನೇ ಹೋಲಿಸುವ ಹಠವಿದ್ದರೆ ವೇಗದ ಚಾರ್ಜಿಂಗ್ ಕೇಳದ, 5 ವೋಲ್ಟ್‌ನಲ್ಲೇ ಎಳೆಯುವ ಲೋಡ್ ಹಾಕಿ ಅಳೆಯಬೇಕು.

ಗೊಂದಲಕ್ಕೆ ರೇಟೆಡ್ ಅನ್ನುವ ಪದವೂ ತನ್ನ ಪಾಲು ಸೇರಿಸಿದೆ. ಫೋನಿನ ಡಬ್ಬದ ಮೇಲೆ ಟಿಪಿಕಲ್ 5000, ರೇಟೆಡ್ 4900 ಅಂತ ಇರುತ್ತದಲ್ಲ, ಅಲ್ಲಿ ಅದರ ಅರ್ಥ ಬೇರೆ: ಕಾರ್ಖಾನೆಯಿಂದ ಬರುವ ಬ್ಯಾಟರಿಗಳಲ್ಲಿ ಕನಿಷ್ಠ ಇಷ್ಟಿರುತ್ತದೆ ಅಂತ. ಎರಡೂ ಒಂದೇ ವೋಲ್ಟೇಜ್‌ನ ಅಂಕಿಗಳು, ಅದಕ್ಕೇ ಅಂತರ ಚಿಕ್ಕದು. ಪವರ್ ಬ್ಯಾಂಕ್‌ನ ರೇಟೆಡ್, ತೂತಿನಿಂದ ಹೊರಗೆ ಸಿಗುವುದು. ಫೋನ್ ನೋಡಿ ಅಭ್ಯಾಸವಾದ ಕಣ್ಣಿಗೆ 20000, 12000 ಅಕ್ಕಪಕ್ಕ ಕಂಡರೆ ಕಳ್ಳತನ ಅನ್ನಿಸುವುದು ಸಹಜ. ಸಹಜ ಅಂದೆ, ಸರಿ ಅನ್ನಲಿಲ್ಲ.

ಈಗ 799 ರೂಪಾಯಿಯ 50000ಕ್ಕೆ ಬರೋಣ. ಇದನ್ನು ಹಿಡಿಯಲು ಮೀಟರ್ ಬೇಡ, ಲಿಸ್ಟಿಂಗ್‌ನ ಕೆಳಗಿರುವ ತೂಕದ ಸಾಲು ಸಾಕು. 50 ಗುಣಿಸು 3.7 ಅಂದರೆ 185 ವ್ಯಾಟ್-ಅವರ್. ಪವರ್ ಬ್ಯಾಂಕ್‌ಗಳಲ್ಲಿ ಮಾಮೂಲಾಗಿ ಬಳಸುವ 18650 ಅನ್ನುವ ಸಿಲಿಂಡರ್ ಸೆಲ್ ಒಂದರ ತೂಕ 45 ಗ್ರಾಂ ಆಸುಪಾಸು, 2600 ಎಂಎಎಚ್‌ನದ್ದಾದರೆ ಹಿಡಿಯುವುದು ಹತ್ತಿರಹತ್ತಿರ 9.6 ವ್ಯಾಟ್-ಅವರ್. 185 ಆಗಬೇಕಾದರೆ ಅಂಥವು 19ಕ್ಕೂ ಹೆಚ್ಚು ಬೇಕು, ಸೆಲ್‌ಗಳೇ 850 ಗ್ರಾಂ ದಾಟುತ್ತವೆ. ಲಿಸ್ಟಿಂಗ್‌ನಲ್ಲಿ ತೂಕ 350 ಗ್ರಾಂ. ಡಬ್ಬ, ಸರ್ಕ್ಯೂಟ್ ಕಳೆದರೆ ಆರು ಸೆಲ್‌ಗೆ ಜಾಗವಿದೆ, ಅಂದರೆ ಬಹಳ ಅಂದರೆ 16000 ಎಂಎಎಚ್. ಸೆಲ್‌ಗಳೂ ಹಳೆಯವಾದರೆ ಅಷ್ಟೂ ಇಲ್ಲ.

ಇನ್ನೊಂದು ತಮಾಷೆ, ಅದೇ ಲಿಸ್ಟಿಂಗ್‌ನಲ್ಲಿ ‘ವಿಮಾನದಲ್ಲಿ ಒಯ್ಯಬಹುದು’ ಅಂತಲೂ ಇದೆ. ವಿಮಾನದೊಳಗೆ ಕೈಚೀಲದಲ್ಲಿ ಒಯ್ಯಲು ಮಿತಿ 100 ವ್ಯಾಟ್-ಅವರ್. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, 160 ದಾಟಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. 50000 ನಿಜವಾದರೆ ವಿಮಾನದ ಮಾತು ಸುಳ್ಳು, ವಿಮಾನದ ಮಾತು ನಿಜವಾದರೆ 50000 ಸುಳ್ಳು. ವ್ಯಾಟ್-ಅವರ್ ಬರೆಯದೆ ಬಿಟ್ಟಿರುವುದು ಮರೆವಿನಿಂದಲ್ಲ.

ಸುರಕ್ಷತೆಯ ಗುರುತಿನ ಬಗ್ಗೆ ಕೇಳಿಬರುವ ಪ್ರಶ್ನೆ ‘ಐಎಸ್‌ಐ ಇದೆಯಾ?’ ಅಂತ. ಪವರ್ ಬ್ಯಾಂಕ್‌ಗೆ ಐಎಸ್‌ಐ ಗುರುತು ಬರುವುದಿಲ್ಲ. ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ 2012ರ ಆದೇಶದಿಂದ ಶುರುವಾದ, ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ಕಡ್ಡಾಯ ನೋಂದಣಿ ಅಂತ ಬೇರೆಯೇ ವ್ಯವಸ್ಥೆ ಇದೆ, ಪವರ್ ಬ್ಯಾಂಕ್ ಆಮೇಲೆ ಅದರ ಪಟ್ಟಿಗೆ ಸೇರಿತು. ಆ ಗುರುತಿನ ಜೊತೆ ಮಾನಕದ ಸಂಖ್ಯೆಯೂ, `R-` ಅಂತ ಶುರುವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆಯೂ ಇರುತ್ತವೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರು, ಯಾವ ಬಗೆಯ ವಸ್ತು ಅಂತ ತೋರಿಸುತ್ತದೆ. ನೋಡಬೇಕಾದ ಜಾಗ ಇದೇ. ಒಳಗಿನ ಸೆಲ್‌ಗೆ ಐಎಸ್ 16046ರ ಅಡಿ ಬೇರೆ ನೋಂದಣಿ, ಪೂರ್ತಿ ಪವರ್ ಬ್ಯಾಂಕ್‌ಗೆ ಬೇರೆ. ಸೆಲ್‌ನ ಸಂಖ್ಯೆಯನ್ನೋ ಇನ್ಯಾರದೋ ಅಡಾಪ್ಟರ್‌ನ ಸಂಖ್ಯೆಯನ್ನೋ ಅಂಟಿಸಿ ‘ಬಿಐಎಸ್ ಸರ್ಟಿಫೈಡ್’ ಅಂದರೆ ಆ್ಯಪ್‌ನಲ್ಲಿ ತಕ್ಷಣ ಬಯಲಾಗುತ್ತದೆ. ಸಿಇ, ಎಫ್‌ಸಿಸಿ, ರೋಹ್ಸ್ ಲಾಂಛನಗಳ ಸಾಲು ಎಷ್ಟು ಉದ್ದವಿದ್ದರೂ ಇದಕ್ಕೆ ಬದಲಿಯಲ್ಲ. ಸಿಇ ಯುರೋಪಿನ ಮಾರುಕಟ್ಟೆಯದ್ದು, ಇಂಥ ವಸ್ತುಗಳಿಗೆ ತಯಾರಕರು ತಾವೇ ಘೋಷಿಸಿಕೊಳ್ಳುವಂಥದ್ದು. ಎಫ್‌ಸಿಸಿ ಅಮೆರಿಕದ್ದು, ರೇಡಿಯೊ ತರಂಗಗಳ ಅಡ್ಡಿಗೆ ಸಂಬಂಧಿಸಿದ್ದು. ರೋಹ್ಸ್ ಸೀಸದಂಥ ವಿಷವಸ್ತುಗಳ ಮಿತಿ. ಇನ್ನು ಬಿಐಎಸ್ ನೋಂದಣಿ ಸಾಚಾ ಆಗಿದ್ದರೂ ಅದು ಸುರಕ್ಷತೆಯ ಪರೀಕ್ಷೆ, 20000ಕ್ಕೆ ಸಾಕ್ಷಿಯಲ್ಲ.

ವ್ಯಾಟ್ ವಿಷಯದಲ್ಲೂ ಮುಂದುಗಡೆಯ ಅಂಕಿ ಒಂದು, ಸಿಗುವುದು ಇನ್ನೊಂದು. ಪವರ್ ಬ್ಯಾಂಕ್ ಮೇಲಿನ 22.5 ವ್ಯಾಟ್ ಸಾಮಾನ್ಯವಾಗಿ ಕೆಲವೇ ಫೋನುಗಳ ಸ್ವಂತ ಚಾರ್ಜಿಂಗ್ ಪದ್ಧತಿಯಲ್ಲಿ ಸಿಗುವಂಥದ್ದು, ಉಳಿದವಕ್ಕೆ ಅದೇ ಡಬ್ಬ 18 ಅಥವಾ 20 ಕೊಡುತ್ತದೆ. ಔಟ್‌ಪುಟ್ ಸಾಲಿನಲ್ಲಿ 9 ವೋಲ್ಟ್, 2.22 ಆಂಪಿಯರ್ ಅಂತ ಬಿಡಿಸಿ ಬರೆದಿದ್ದರೆ ಗುಣಿಸಿ ನೋಡಿಕೊಳ್ಳಬಹುದು. ಮೂರು ತೂತಿನ 65 ವ್ಯಾಟ್ ಚಾರ್ಜರ್‌ನಲ್ಲಿ 65 ಸಿಗುವುದು ಲ್ಯಾಪ್‌ಟಾಪ್ ಒಂದನ್ನೇ ಹಾಕಿದಾಗ. ಪಕ್ಕದಲ್ಲಿ ಫೋನ್ ಸಿಕ್ಕಿಸಿದರೆ ಅದು 45 ಮತ್ತು 20 ಅಂತ ಒಡೆಯುತ್ತದೆ, ಲ್ಯಾಪ್‌ಟಾಪ್ ‘ನಿಧಾನ ಚಾರ್ಜರ್’ ಅಂತ ಗೊಣಗಲೂಬಹುದು. ಯಾವ ತೂತು ಯಾವುದರ ಜೊತೆ ಎಷ್ಟು ಅಂತ ಕೋಷ್ಟಕ ಕೊಟ್ಟ ಲಿಸ್ಟಿಂಗ್ ಇದ್ದರೆ ಅದನ್ನೇ ಆರಿಸಿ. ಒಡೆಯುವ ಆ ಗಳಿಗೆಯಲ್ಲಿ ಇಂಥ ಹಲವು ಚಾರ್ಜರ್‌ಗಳು ಎಲ್ಲ ತೂತುಗಳಿಗೂ ಕ್ಷಣಕಾಲ ವಿದ್ಯುತ್ ಕಡಿಯುತ್ತವೆ ಅನ್ನುವುದನ್ನು ಮಾತ್ರ ಬಹುತೇಕ ಯಾರೂ ಬರೆಯುವುದಿಲ್ಲ. ಬ್ಯಾಟರಿ ಇರುವ ಫೋನಿಗೆ ಅದರಿಂದ ಏನೂ ಆಗದು, ಅದೇ ಚಾರ್ಜರ್‌ನಿಂದ ವೈಫೈ ರೂಟರ್ ಓಡಿಸುತ್ತಿದ್ದರೆ ಯಾರಾದರೂ ಫೋನ್ ಸಿಕ್ಕಿಸಿದಾಗೆಲ್ಲ ಮನೆಯ ನೆಟ್ ಹೋಗಿ ಬರುತ್ತದೆ.