ಖಾಲಿ ಷಟ್ಕೋನ: ಹೈಡ್ರೋಜನ್ ಎಂಟೋ, ಹದಿನೆಂಟೋ?

ಒಂದು ಬದಿ ಹಂಚಿಕೊಂಡ ಎರಡು ಷಟ್ಕೋನಗಳು. ಒಳಗೆ ಗೆರೆಯಿಲ್ಲ, ಸುತ್ತ ಅಕ್ಷರವಿಲ್ಲ. ಇಂದಿನ ವಿದ್ಯಾರ್ಥಿಗೆ ಇದು ಡೆಕಾಲಿನ್, C₁₀H₁₈. ಇದೇ ಚಿತ್ರ ಇಪ್ಪತ್ತನೇ ಶತಮಾನದ ಮೊದಲರ್ಧದ ಹಲವು ರಸಾಯನ ಪುಸ್ತಕಗಳಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್, C₁₀H₈. ಹತ್ತು ಹೈಡ್ರೋಜನ್‌ಗಳ ವ್ಯತ್ಯಾಸ!

ಕಾರ್ಬನ್‌ಗೆ ನಾಲ್ಕು ಬಂಧ, ಕಾರ್ಬನ್‌ಗಳು ತಮ್ಮತಮ್ಮಲ್ಲೇ ಕೂಡಿಕೊಳ್ಳಬಲ್ಲವು ಎಂದು 1858ರಲ್ಲಿ ಜರ್ಮನಿಯ ಕೆಕುಲೆ ಮತ್ತು ಸ್ಕಾಟ್ಲೆಂಡಿನ ಕೂಪರ್ ಬೇರೆಬೇರೆಯಾಗಿ ಹೇಳಿದರು. 1864ರಲ್ಲಿ ಕ್ರಮ್ ಬ್ರೌನ್ ಬರೆದ ಚಿತ್ರಗಳಲ್ಲಿ ಪ್ರತಿ ಪರಮಾಣುವಿಗೂ ಒಂದು ವೃತ್ತ, ಅದರೊಳಗೆ ಅಕ್ಷರ. ಅಲ್ಲಿ ಹೈಡ್ರೋಜನ್‌ಗಳು ಕಣ್ಣಿಗೆ ಕಾಣುತ್ತಿದ್ದವು, ಎಣಿಸಿದರೆ ಸಾಕಿತ್ತು. 1865ರಲ್ಲಿ ಕೆಕುಲೆ ಬೆಂಜೀನಿಗೆ ಉಂಗುರದ ರಚನೆ ಸೂಚಿಸಿದ ಮೇಲೆ ಉಂಗುರದ ಸಂಯುಕ್ತಗಳು ಹೆಚ್ಚಿದವು. ಮೂಲೆಮೂಲೆಗೂ CH ಬರೆಯುವುದು ಬೇಸರದ ಕೆಲಸ, ಅಕ್ಷರಗಳು ಉದುರಿದವು. ಮೂಲೆಯೆಂದರೆ ಕಾರ್ಬನ್, ನಾಲ್ಕು ಬಂಧದಲ್ಲಿ ಉಳಿದದ್ದು ಹೈಡ್ರೋಜನ್.

ಬೆಂಜೀನಿನಲ್ಲಿ ಜೋಡಿಬಂಧಗಳೂ ಉದುರಿದ್ದೇ ಗೊಂದಲದ ಮೂಲ. ಅವು ಒಂದೇ ಕಡೆ ನಿಲ್ಲುವುದಿಲ್ಲ, ಜಾಗ ಬದಲಿಸುತ್ತವೆ ಎಂದು 1872ರಲ್ಲಿ ಕೆಕುಲೆಯೇ ಹೇಳಿದ್ದ. ಹೀಗಿರುವಾಗ ಖಾಲಿ ಷಟ್ಕೋನವನ್ನೇ ಬೆಂಜೀನ್ ಎಂದು ಓದಿಕೊಳ್ಳುವುದು ರೂಢಿಯಾಯಿತು. ಹೈಡ್ರೋಜನ್ ತುಂಬಿದ ಉಂಗುರವಾದರೆ ಅದರ ನಡುವೆ H ಎಂದು ಬರೆಯುವುದಿತ್ತು. ಆಮೇಲೆ ರೂಢಿ ತಿರುಗಿತು: ಖಾಲಿ ಇದ್ದರೆ ಒಂಟಿಬಂಧ ಮಾತ್ರ, ಜೋಡಿಬಂಧ ಇದ್ದರೆ ಬರೆಯಲೇಬೇಕು. ಹಾಗಾಗಿ ಹಳೆಯ ಪುಸ್ತಕ ತೆರೆದಾಗ ಚಿತ್ರಕ್ಕಿಂತ ಮೊದಲು ಪಕ್ಕದಲ್ಲಿ ಕೊಟ್ಟ ಹೆಸರನ್ನೋ ಅಣುಸೂತ್ರವನ್ನೋ ನೋಡುವುದು ಒಳ್ಳೆಯದು.

ಈಗಿನ ಕ್ರಮದಲ್ಲಿ ನ್ಯಾಫ್ತಲೀನ್ ಎಣಿಸೋಣ. ಷಟ್ಕೋನಕ್ಕೆ ಆರರಂತೆ ಹನ್ನೆರಡು ಕಾರ್ಬನ್ ಎಂದು ಬರೆದುಬಿಡುವವರು ಬಹಳ. ನಡುವಿನ ಬದಿಯ ಎರಡು ಮೂಲೆಗಳು ಇಬ್ಬರಿಗೂ ಸೇರಿದವು, ಆದ್ದರಿಂದ ಹತ್ತು. ಹೊರಗಿನ ಎಂಟು ಮೂಲೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಒಂಟಿಗೆರೆ, ಒಂದು ಜೋಡಿಗೆರೆ. ಮೂರು ಬಂಧ ಮುಗಿದವು, ಉಳಿದದ್ದು ಒಂದು ಹೈಡ್ರೋಜನ್. ನಡುವಿನ ಎರಡು ಕಾರ್ಬನ್‌ಗಳು ಮೂರು ಕಾರ್ಬನ್‌ಗಳಿಗೆ ಅಂಟಿವೆ, ಅದರಲ್ಲೊಂದು ಜೋಡಿಬಂಧ. ನಾಲ್ಕೂ ತುಂಬಿತು, ಹೈಡ್ರೋಜನ್‌ಗೆ ಜಾಗವೇ ಇಲ್ಲ. ಒಟ್ಟು C₁₀H₈. ಜೋಡಿಗೆರೆಗಳನ್ನೆಲ್ಲ ಅಳಿಸಿದರೆ ಹೊರಗಿನ ಮೂಲೆಗಳಿಗೆ ಎರಡೆರಡು, ನಡುವಿನವಕ್ಕೆ ಒಂದೊಂದು: ಡೆಕಾಲಿನ್‌ನ ಹದಿನೆಂಟು.

ಸರಿ ಬಂತೇ ಎಂದು ನೋಡಲು ಒಂದು ತಾಳೆ ಇದೆ. ಹತ್ತು ಕಾರ್ಬನ್‌ಗೆ ಹೆಚ್ಚೆಂದರೆ 22 ಹೈಡ್ರೋಜನ್. ಪ್ರತಿ ಉಂಗುರವೂ ಪ್ರತಿ ಜೋಡಿಬಂಧವೂ ಎರಡೆರಡನ್ನು ಕಳೆಯುತ್ತದೆ. ಎರಡು ಉಂಗುರ, ಐದು ಜೋಡಿಬಂಧ: ಹದಿನಾಲ್ಕು ಹೋಗಿ ಎಂಟು.

ಉಂಗುರದೊಳಗೆ ವೃತ್ತ ಬರೆಯುವ ಪದ್ಧತಿಯನ್ನು 1925ರಲ್ಲಿ ಆರ್ಮಿಟ್ ಮತ್ತು ರಾಬಿನ್‌ಸನ್ ಬಳಕೆಗೆ ತಂದರು. ಬೆಂಜೀನಿಗೆ ಅದು ಚೆನ್ನ, ನ್ಯಾಫ್ತಲೀನಿಗೆ ಅಷ್ಟಲ್ಲ. ವೃತ್ತಕ್ಕೆ ಮೂರು ಜೋಡಿಬಂಧ ಎಂದು ಓದಿದರೆ ಒಟ್ಟು ಆರಾಗುತ್ತದೆ, ಇರುವುದು ಐದೇ. ಎಣಿಸುವ ಮುಂಚೆ ವೃತ್ತ ಅಳಿಸಿ ಗೆರೆಗಳನ್ನೇ ಹಾಕಿಕೊಳ್ಳಿ.