ಪದ ಪರಿಚಯ: ರಿವ್ಯೂ ವಿಂಡೋ

ರೊಬಸ್ಟಾ ಕೊಯ್ಲು ಮುಗಿದು, ಹೂಮಳೆ ಯಾವಾಗ ಬೀಳುತ್ತದೋ ಅಂತ ಎಲ್ಲರೂ ಮೋಡ ನೋಡುತ್ತಿರುವಾಗ ನಮ್ಮ ಎಸ್ಟೇಟ್ ಆಫೀಸಿಗೆ ಎಚ್‌ಆರ್ ಮೇಲ್ ಬರುತ್ತದೆ. ‘ವಾರ್ಷಿಕ ಅಪ್ರೈಸಲ್ ಶುರುವಾಗಿದೆ. ಸೆಲ್ಫ್ ಅಪ್ರೈಸಲ್ ಫಾರ್ಮ್ ಏಪ್ರಿಲ್ 10ರೊಳಗೆ ಕೊಡಿ. ಮೀಟಿಂಗ್ ವಿಂಡೋ ಏಪ್ರಿಲ್ 15ರಿಂದ 28. ರಿಪೋರ್ಟಿಂಗ್ ಮ್ಯಾನೇಜರ್ ಜೊತೆ ಸ್ಲಾಟ್ ಬುಕ್ ಮಾಡಿಕೊಳ್ಳಿ.’ ನಾಲ್ಕೇ ಸಾಲು. ಆದರೆ ಮೂರನೇ ಸಾಲು ಓದಿದವರೆಲ್ಲ ‘ಓ, 28 ಕೊನೇ ದಿನ’ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

ವಿಂಡೋ ಅಂದರೆ ಬರೀ ಗಡುವಲ್ಲ, ರಿವ್ಯೂ ಮೀಟಿಂಗ್‌ಗೆ ಕೂರಬೇಕಾದ ಅವಧಿ. ಗಡುವಿಗೆ ಒಂದೇ ತುದಿ, ವಿಂಡೋಗೆ ಎರಡು. 28ರ ನಂತರ ಫಾರ್ಮ್ ಲಾಕ್ ಆಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. 15ಕ್ಕೆ ಮುಂಚೆ ಯಾಕೆ ಕೂರಬಾರದು ಅನ್ನುವುದು ಗೊತ್ತಿರುವುದಿಲ್ಲ. ನೀವು 10ಕ್ಕೆ ಫಾರ್ಮ್ ಕೊಟ್ಟ ಮೇಲೆ ಮ್ಯಾನೇಜರ್ ಅದನ್ನು ಓದಿ, ತಮ್ಮ ಭಾಗ ತುಂಬಬೇಕು. ನಡುವಿನ ಆ ನಾಲ್ಕು ದಿನ ಇರುವುದು ಅದಕ್ಕೇ. ಫಾರ್ಮ್ ಓದದೆ ಕೂತರೆ ಅದು ಅಪ್ರೈಸಲ್ ಅಲ್ಲ, ಸುಮ್ನೆ ಕಾಫಿ ಕುಡಿದು ಬಂದ ಹಾಗೆ.

ಈಗ ಲೆಕ್ಕ ಹಾಕಿ. ಒಬ್ಬ ಮ್ಯಾನೇಜರ್ ಕೈಕೆಳಗೆ ರೈಟರ್, ಫೀಲ್ಡ್ ಆಫೀಸರ್, ಆಫೀಸಿನವರು ಎಲ್ಲ ಸೇರಿ 14 ಜನ ಅಂತಿಟ್ಟುಕೊಳ್ಳಿ. ಒಬ್ಬರ ಜೊತೆ ಮುಕ್ಕಾಲು ಗಂಟೆ ಮಾತು, ಆಮೇಲೆ ಕಾಲು ಗಂಟೆ ಬರವಣಿಗೆ. ಒಟ್ಟು 14 ಗಂಟೆ. ವಿಂಡೋದಲ್ಲಿ ಎರಡು ಭಾನುವಾರ ಕಳೆದರೆ 12 ದಿನ ಸಿಗುತ್ತದೆ. ದಿನಕ್ಕೆ ಒಬ್ಬರು, ಎರಡು ದಿನ ಮಾತ್ರ ಇಬ್ಬರು ಅಂತ ಹಂಚಿಕೊಂಡರೆ ಆರಾಮಾಗಿ ಮುಗಿಯುತ್ತದೆ. ಎಲ್ಲರೂ ಕೊನೇ ಎರಡು ದಿನಕ್ಕೆ ಬುಕ್ ಮಾಡಿದರೆ ದಿನಕ್ಕೆ ಏಳು ಗಂಟೆ ಬರೀ ಇದೇ ಕೆಲಸ. ಸಂಜೆ ಐದಕ್ಕೆ ಏಳನೆಯವರಾಗಿ ಹೋದವರಿಗೆ ಏನು ಸಿಗುತ್ತದೆ? ‘ಎಲ್ಲ ಸರಿ ಇದೆಯಲ್ಲ?’ ಅನ್ನುವ ಒಂದು ಪ್ರಶ್ನೆ. ಒಂದು ವರ್ಷ ನಾನೇ ಆ ಏಳನೆಯವನಾಗಿದ್ದೆ. ಅದರ ಮೇಲೆ ಗುಡುಗು ಮಳೆ ಬಂದು ಕರೆಂಟ್ ಹೋಗಿ, ನೆಟ್‌ವರ್ಕೂ ಕೈಕೊಟ್ಟು, ಫಾರ್ಮ್ ಸಬ್ಮಿಟ್ ಆಗಿದ್ದು ಮಾರನೇ ದಿನ ಎಚ್‌ಆರ್‌ಗೆ ಫೋನ್ ಮಾಡಿ ಲಾಕ್ ತೆಗೆಸಿದ ಮೇಲೆ.

ಬುಕ್ ಮಾಡುವವರು ಯಾರು? ನಮ್ಮಲ್ಲಿ ಕೆಳಗಿನವರು ಮೇಲಿನವರ ಜೊತೆ ಬುಕ್ ಮಾಡಬೇಕು. ಅಂದರೆ ಯಾರ ರಿವ್ಯೂ ಆಗಬೇಕೋ ಅವರೇ. ಮ್ಯಾನೇಜರ್ ತಾವಾಗಿಯೇ ಕರೆದರೆ ಅದು ‘ಸಾಹೇಬ್ರು ಕರೆಸಿದ್ದಾರೆ’ ಅಂತ ಆಗಿಬಿಡುತ್ತದೆ, ಹೋಗುವವರು ಅರ್ಧ ಹೆದರಿಯೇ ಹೋಗುತ್ತಾರೆ. ಕೆಲವು ಕಂಪನಿಗಳಲ್ಲಿ ಇದು ಉಲ್ಟಾ, ಮ್ಯಾನೇಜರೇ ಸ್ಲಾಟ್ ಕಳಿಸುತ್ತಾರೆ. ಹಾಗಾಗಿ ಮೇಲ್‌ನಲ್ಲಿ ‘ಬುಕ್ ಮಾಡಿಕೊಳ್ಳಿ’ ಅಂತಿದೆಯೋ, ‘ಸ್ಲಾಟ್ ಬರುತ್ತದೆ’ ಅಂತಿದೆಯೋ ನೋಡಿಕೊಳ್ಳಿ. ಇಬ್ಬರೂ ಇನ್ನೊಬ್ಬರಿಗೆ ಕಾಯುತ್ತಾ ಕೂತರೆ ವಿಂಡೋ ಮುಚ್ಚಿಯೇ ಹೋಗುತ್ತದೆ.

ನಿಜವಾದ ಗೊಂದಲ ನಡುವೆ ವರ್ಗ ಆದವರದ್ದು. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟದಲ್ಲಿದ್ದ ಫೀಲ್ಡ್ ಆಫೀಸರ್ ಒಬ್ಬರನ್ನು ಜನವರಿಯಲ್ಲಿ ಸಿದ್ದಾಪುರದ ರೊಬಸ್ಟಾ ತೋಟಕ್ಕೆ ಹಾಕಿದರು ಅನ್ನೋಣ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ಕೆಲಸ ನೋಡಿದ್ದು ಹಳೇ ಮ್ಯಾನೇಜರ್. ಮಳೆಗಾಲದ ಕೊಳೆರೋಗ, ನೆರಳು ಮರದ ಕೊಂಬೆ ಕಡಿಯುವುದು, ಅರೇಬಿಕಾ ಕೊಯ್ಲು, ಎಲ್ಲ ಅವರ ಕಣ್ಣೆದುರೇ ಆಗಿದ್ದು. ಹೊಸಬರು ನೋಡಿದ್ದು ಮೂರೇ ತಿಂಗಳು, ಅದೂ ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ. ಆದರೂ ಮೀಟಿಂಗ್ ಬುಕ್ ಮಾಡಬೇಕಾದ್ದು ಹೊಸಬರ ಜೊತೆಗೇ. ಮಾರ್ಚ್ 31ರಂದು ನೀವು ಯಾರ ಕೈಕೆಳಗೆ ಇದ್ದೀರೋ ಅವರೇ ನಿಮ್ಮ ರಿಪೋರ್ಟಿಂಗ್ ಮ್ಯಾನೇಜರ್ ಅನ್ನುವುದು ನಮ್ಮ ಲೆಕ್ಕ. ಹಳಬರ ಜೊತೆ ಮೀಟಿಂಗ್ ಇಲ್ಲ, ಅವರಿಂದ ಬರವಣಿಗೆಯಲ್ಲಿ ಫೀಡ್‌ಬ್ಯಾಕ್ ಮಾತ್ರ. ಅದು ಏಪ್ರಿಲ್ 15ಕ್ಕೆ ಮೊದಲು ಹೊಸಬರ ಕೈ ಸೇರಬೇಕು. ಸೇರಿದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ‘ಇನ್ನೂ ಬಂದಿಲ್ಲ’ ಅಂದರೆ 15ನೇ ತಾರೀಕಿನ ಸ್ಲಾಟ್ ಬಿಟ್ಟು 22ರ ಸುಮಾರಿಗೆ ತಗೊಳ್ಳಿ. ಇಲ್ಲದಿದ್ದರೆ ನಿಮ್ಮ ಇಡೀ ವರ್ಷ ಮೂರು ತಿಂಗಳಾಗಿ ಕುಗ್ಗುತ್ತದೆ.

ಕೊನೆಗೆ ಫಾರ್ಮಿನ ಕೆಳಗೆ ನಿಮ್ಮ ಸಹಿಗೆ ಒಂದು ಜಾಗ ಇರುತ್ತದೆ. ನಮ್ಮ ಫಾರ್ಮಿನಲ್ಲಿ ಆ ಸಹಿಗೆ ‘ಮಾತುಕತೆ ಆಯಿತು’ ಅಂತಷ್ಟೇ ಅರ್ಥ, ರೇಟಿಂಗ್ ಒಪ್ಪಿದೆ ಅಂತಲ್ಲ. ಒಪ್ಪಿಗೆ ಇಲ್ಲದಿದ್ದರೆ ಪಕ್ಕದ ಕಾಮೆಂಟ್ ಬಾಕ್ಸ್‌ನಲ್ಲಿ ಎರಡು ಸಾಲು ಬರೆದು ಸಹಿ ಹಾಕಿ. ಸಹಿಯನ್ನೇ ಹಾಕದೆ ಬಿಟ್ಟರೆ ಮೀಟಿಂಗೇ ಆಗಿಲ್ಲ ಅಂತ ತೋರಿಸುತ್ತದೆ, 29ಕ್ಕೆ ಎಚ್‌ಆರ್‌ನಿಂದ ಫೋನ್ ಬರುತ್ತದೆ.