ದೃಢೀಕರಣ: ಫೋಟೊ ನೋಡಿ ಎಐ ಮಾದರಿ ಮಾಡಲಾಗದ ಕೆಲಸ

ಅಂಕಪಟ್ಟಿಯ ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ಅಲೆದವರಿಗೆ ನೆನಪಿರುತ್ತದೆ, ಅಧಿಕಾರಿ ಮೊದಲು ಕೇಳುತ್ತಿದ್ದದ್ದು ‘ಒರಿಜಿನಲ್ ಎಲ್ಲಿ?’ ಎಂದೇ. ಜೆರಾಕ್ಸ್ ಎಷ್ಟು ಸ್ವಚ್ಛವಾಗಿದ್ದರೂ ಅದನ್ನೇ ಅರ್ಧ ಗಂಟೆ ದಿಟ್ಟಿಸಿ ಕುಳಿತರೆ ಏನೂ ತಿಳಿಯದು. ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದ ಮೇಲೆಯೇ ಮೊಹರು ಬೀಳಬೇಕು. ದೃಢೀಕರಣ ಎಂಬ ಪದದ ಜೀವ ಇರುವುದು ಇಲ್ಲಿಯೇ. ಶುದ್ಧೀಕರಣ, ವಿದ್ಯುದೀಕರಣಗಳಂತೆ ಇದೂ ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವ ಕೆಲಸ. ದೃಢವಲ್ಲದ ಮಾತು ತನ್ನಷ್ಟಕ್ಕೆ ತಾನೇ ದೃಢವಾಗದು. ಹೊರಗಿನಿಂದ ಯಾವುದೋ ಆಧಾರ ಬಂದು ಅದಕ್ಕೆ ಊರುಗೋಲಾಗಬೇಕು.

ಈಗ ಫೋಟೊದ ವಿಷಯಕ್ಕೆ ಬರೋಣ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. ಕೆಲವೇ ದಿನಗಳಲ್ಲಿ ಒಂದು ಚಿತ್ರ ಲೋಕವೆಲ್ಲ ಸುತ್ತಿತು: ಪುಟ್ಟ ಹುಡುಗನೊಬ್ಬ ತನಗಿಂತ ಚಿಕ್ಕ ಹುಡುಗಿಯನ್ನು ಅಪ್ಪಿ ಹಿಡಿದಿದ್ದಾನೆ, ಅವಳ ಮುಖದಲ್ಲಿ ಅಳು. ‘ಭೂಕಂಪದಲ್ಲಿ ತಂಗಿಯನ್ನು ಕಾಯುತ್ತಿರುವ ಅಣ್ಣ’ ಎಂಬ ಬರಹ ಅದರ ಕೆಳಗಿತ್ತು. ನೋಡಿದವರ ಕರುಳು ಹಿಂಡಿತು. ಆದರೆ ಅದು ನೇಪಾಳದ್ದಾಗಿರಲಿಲ್ಲ. ಛಾಯಾಗ್ರಾಹಕ ನಾ ಸನ್ ನ್ಗುಯೆನ್ ಅವರು 2007ರಲ್ಲಿ ವಿಯೆಟ್ನಾಂನ ಹಾ ಜಿಯಾಂಗ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ತೆಗೆದದ್ದು. ಇದೇ ಚಿತ್ರವನ್ನು ಬರ್ಮಾದ ಅನಾಥ ಮಕ್ಕಳೆಂದೂ, ಸಿರಿಯಾದ ಯುದ್ಧಪೀಡಿತರೆಂದೂ ಹಂಚಿದ್ದರು.

ಇಲ್ಲಿ ಎರಡು ಪ್ರಶ್ನೆಗಳಿವೆ, ನಾವು ಅವನ್ನು ಒಂದೇ ಎಂದು ತಿಳಿಯುತ್ತೇವೆ. ಫೋಟೊ ಅಸಲಿಯೇ ಎಂಬುದು ಒಂದು. ಅದರ ಜೊತೆಗೆ ಬಂದ ಮಾತು ನಿಜವೇ ಎಂಬುದು ಇನ್ನೊಂದು. ಮಕ್ಕಳ ಆ ಚಿತ್ರ ಅಪ್ಪಟ ಅಸಲಿ. ಯಾರೂ ಅದನ್ನು ತಿದ್ದಿರಲಿಲ್ಲ. ಸುಳ್ಳು ಇದ್ದದ್ದು ಚಿತ್ರದಲ್ಲಲ್ಲ, ಕೆಳಗಿನ ಸಾಲಿನಲ್ಲಿ. ಚಿತ್ರದ ಒಂದೊಂದು ಚುಕ್ಕೆಯನ್ನು ಭೂತಗನ್ನಡಿ ಹಿಡಿದು ನೋಡಿದರೂ ‘ನೇಪಾಳ’ ಎಂದಾಗಲಿ ‘ವಿಯೆಟ್ನಾಂ’ ಎಂದಾಗಲಿ ಎಲ್ಲಿಯೂ ಬರೆದಿರಲಿಲ್ಲ.

ಎಐ ಮಾದರಿಯ ಕೈಗೆ ಸಿಗುವುದು ಆ ಚುಕ್ಕೆಗಳು ಮಾತ್ರ. ಸಾಮಾನ್ಯವಾಗಿ ಅದು ಚಿತ್ರವನ್ನು ತನಗೆ ಬೇಕಾದ ಅಳತೆಗೆ ಕುಗ್ಗಿಸಿಕೊಂಡು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕವೂ ಸಂಖ್ಯೆಗಳ ಸಾಲಾಗುತ್ತದೆ. ಆಮೇಲೆ, ತರಬೇತಿಯಲ್ಲಿ ಕಂಡ ಕೋಟ್ಯಂತರ ಚಿತ್ರಗಳು ಮತ್ತು ಅವುಗಳ ಬರಹಗಳ ಬಲದಿಂದ, ಇಂಥ ಸಂಖ್ಯೆಗಳ ಜೊತೆಗೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಉತ್ತರ ಹೆಣೆಯುತ್ತದೆ. ಇದು ಹೋಲಿಕೆಯೇ ಹೌದು, ಆದರೆ ಮೂಲ ಪ್ರತಿಯೊಂದಿಗೆ ಅಲ್ಲ. ಹಿಂದೆ ಕಂಡ ಬೇರೆ ಜೆರಾಕ್ಸ್‌ಗಳೊಂದಿಗೆ.

ಇದರಿಂದ ಏನಾಗುತ್ತದೆ ಎಂಬುದನ್ನು 2025ರ ಆಗಸ್ಟ್ ತೋರಿಸಿತು. ಎಎಫ್‌ಪಿ ಸುದ್ದಿಸಂಸ್ಥೆಯ ಒಮರ್ ಅಲ್-ಕತ್ತಾ ಅವರು ಆಗಸ್ಟ್ 2ರಂದು ಗಾಜಾ ನಗರದಲ್ಲಿ, ಹಸಿವಿನಿಂದ ಎಲುಬುಗೂಡಾದ ಒಂಬತ್ತು ವರ್ಷದ ಹುಡುಗಿಯನ್ನು ತಾಯಿ ಎತ್ತಿಕೊಂಡಿರುವ ಚಿತ್ರ ತೆಗೆದರು. ಜನ ಅದನ್ನು ಗ್ರೋಕ್ ಚಾಟ್‌ಬಾಟ್‌ಗೆ ತೋರಿಸಿ ಎಲ್ಲಿಯದೆಂದು ಕೇಳಿದರು. ಅದು 2018ರ ಅಕ್ಟೋಬರಿನ ಯೆಮನ್ ಚಿತ್ರ, ಏಳು ವರ್ಷದ ಬಾಲಕಿಯದು ಎಂದು ಗ್ರೋಕ್ ಖಡಾಖಂಡಿತವಾಗಿ ಹೇಳಿತು. ಈ ಉತ್ತರವನ್ನೇ ನಂಬಿ, ಚಿತ್ರ ಹಂಚಿಕೊಂಡಿದ್ದ ಫ್ರಾನ್ಸ್‌ನ ಸಂಸದರೊಬ್ಬರ ಮೇಲೆ ಸುಳ್ಳು ಹರಡಿದ ಆರೋಪ ಬಂದಿತು. ತಪ್ಪು ತೋರಿಸಿದಾಗ ಗ್ರೋಕ್ ಒಪ್ಪಿಕೊಂಡಿತು, ಮರುದಿನ ಮತ್ತೆ ಕೇಳಿದರೆ ಮತ್ತೆ ಯೆಮನ್ ಎಂದಿತು.

ಯೆಮನ್ ಬಾಲಕಿಯ ಚಿತ್ರ 2018ರಲ್ಲಿ ಜಗತ್ತಿನಾದ್ಯಂತ ಅಚ್ಚಾಗಿತ್ತು. ಗಾಜಾದ್ದು ತೆಗೆದು ಕೆಲವೇ ದಿನವಾಗಿತ್ತು, ಯಾವ ತರಬೇತಿಯಲ್ಲಿಯೂ ಇರಲು ಸಾಧ್ಯವಿರಲಿಲ್ಲ. ಹೊಸ ನೋವಿಗೆ ಹಳೆಯ ನೋವಿನ ಹೆಸರು ಅಂಟಿತು. ನನಗೆ ಇದು ನೇಪಾಳದ ಪ್ರಕರಣಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ. ಅಲ್ಲಿ ಸುಳ್ಳು ನಿಜದ ವೇಷ ಹಾಕಿತ್ತು. ಇಲ್ಲಿ ಎದುರಿಗಿರುವ ಹಸಿದ ಮಗುವನ್ನೇ ‘ಸುಳ್ಳು’ ಎಂದು ತಳ್ಳಿಹಾಕಲಾಯಿತು.

ಹೇಳಿಕೆಯ ಮಾತು ಬಿಡಿ, ಚಿತ್ರ ಅಸಲಿಯೇ ಎಂಬುದನ್ನಾದರೂ ಹೇಳಬಹುದಲ್ಲ ಎಂದು ಕೇಳುವವರಿದ್ದಾರೆ. ಕ್ಯಾಮೆರಾ ತನ್ನ ಕಡತದೊಳಗೆ ದಿನಾಂಕ, ವೇಳೆ, ಕೆಲವೊಮ್ಮೆ ಸ್ಥಳವನ್ನೂ ಬರೆದಿಡುವುದು ನಿಜ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಆ ವಿವರಗಳು ಕಳಚಿ ಬೀಳುತ್ತವೆ. ಕಳಚದೆ ಉಳಿದರೂ ಅವು ಸಾಕ್ಷಿಯಾಗಲಾರವು. exiftool ಎಂಬ ತಂತ್ರಾಂಶವಿರುವ ಕಂಪ್ಯೂಟರಿನಲ್ಲಿ ಈ ಒಂದು ಸಾಲು ಹೊಡೆದರೆ ಯಾವ ಫೋಟೊವನ್ನು ಬೇಕಾದರೂ ಭೂಕಂಪದ ದಿನ ತೆಗೆದದ್ದಾಗಿ ಮಾಡಬಹುದು:

```
exiftool -DateTimeOriginal="2015:04:25 12:00:00" photo.jpg
```

ಇನ್ನು ಚುಕ್ಕೆಗಳಲ್ಲೇ ಉಳಿಯುವ ಗುರುತುಗಳು. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಪ್ರತಿಯೊಂದು ಸಂವೇದಕವೂ ಚುಕ್ಕೆಗಳಲ್ಲಿ ನಸು ಏರುಪೇರಿನ ತನ್ನದೇ ಆದ ಮುದ್ರೆ ಬಿಡುತ್ತದೆ. ಬೇರೆ ಚಿತ್ರದ ತುಣುಕು ಅಂಟಿಸಿದ ಕಡೆ ಅದು ತಪ್ಪುತ್ತದೆ. ವಿಧಿವಿಜ್ಞಾನದವರು ಇದನ್ನು ಹುಡುಕುವುದು ಮೂಲ ಕಡತದಲ್ಲಿ, ಸಾಧ್ಯವಾದರೆ ಅದೇ ಕ್ಯಾಮೆರಾದ ಬೇರೆ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು. ಹತ್ತು ಮೊಬೈಲ್ ದಾಟಿ, ಹತ್ತು ಸಲ ಗಾತ್ರ ಕುಗ್ಗಿಸಿಕೊಂಡು, ಯಾರೋ ಸ್ಕ್ರೀನ್‌ಶಾಟ್ ತೆಗೆದು ಅಂಚು ಕತ್ತರಿಸಿದ ಚಿತ್ರದಲ್ಲಿ ಆ ಮುದ್ರೆ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಹಾಗಿದ್ದರೂ ಪತ್ತೆ ತಂತ್ರಾಂಶ ‘ಶೇ 92 ಅಸಲಿ’ ಎಂದು ತೋರಿಸಬಹುದು. ಆ 92ರ ಅರ್ಥ, ತಾನು ಕಲಿತ ನಕಲಿಗಳ ಲಕ್ಷಣ ಇಲ್ಲಿ ಹೆಚ್ಚು ಕಾಣಲಿಲ್ಲ ಎಂದಷ್ಟೇ. ನಾಳೆ ಬರುವ ಹೊಸ ನಕಲಿಯ ಲಕ್ಷಣ ಅದಕ್ಕೆ ಗೊತ್ತಿಲ್ಲ.

ಕೆಲವು ಕ್ಯಾಮೆರಾಗಳು ಈಗ ಚಿತ್ರಕ್ಕೆ ಡಿಜಿಟಲ್ ಸಹಿ ಹಾಕುತ್ತವೆ. ಚಿತ್ರ ಯಾವ ಸಾಧನದಿಂದ ಬಂತು, ಆಮೇಲೆ ಏನು ತಿದ್ದಲಾಯಿತು ಎಂದು ಆ ಸಹಿ ಹೇಳೀತು. ಕೆಳಗಿನ ಬರಹದ ಸತ್ಯಾಸತ್ಯ ಅದರ ವ್ಯಾಪ್ತಿಗೆ ಬರುವುದಿಲ್ಲ.

ಅಂತರಜಾಲದಲ್ಲಿ ಹುಡುಕಬಲ್ಲ ಮಾದರಿಗಳೂ ಇವೆಯಲ್ಲ? ಇವೆ, ಮತ್ತು ಹೊರಗಿನ ಆಧಾರದ ಕಡೆಗೆ ಅದು ಒಂದು ಹೆಜ್ಜೆಯೇ. ಆದರೆ ಆಗ ಭಾರ ಬೀಳುವುದು ಸಿಕ್ಕ ಪುಟದ ಮೇಲೆ. ಮಕ್ಕಳ ಆ ಚಿತ್ರ ‘ನೇಪಾಳ’ದ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಕಡೆ ಹರಡಿತ್ತು. ಎಷ್ಟು ಕಡೆ ಹಾಗೆ ಬರೆದಿದೆ ಎಂದು ಎಣಿಸಿದ್ದರೆ ಸುಳ್ಳೇ ಗೆಲ್ಲುತ್ತಿತ್ತು. ಕೇಳಬೇಕಾದದ್ದು ಎಲ್ಲಕ್ಕಿಂತ ಮೊದಲು ಎಲ್ಲಿ ಕಾಣಿಸಿತು ಎಂದು. 2015ಕ್ಕೆ ಮುಂಚಿನ ಒಂದೇ ಒಂದು ಪ್ರತಿ ಸಿಕ್ಕರೂ ಭೂಕಂಪದ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಹಳೆಯ ಪ್ರತಿ ಸಿಗಲಿಲ್ಲವೆಂದರೆ ಹೇಳಿಕೆ ನಿಜ ಎಂದಾಗುವುದಿಲ್ಲ. ಸುಳ್ಳನ್ನು ಉರುಳಿಸಲು ಒಂದು ದಿನಾಂಕ ಸಾಕು, ನಿಜವನ್ನು ನಿಲ್ಲಿಸಲು ತೆಗೆದವರೇ ಬೇಕು: ಅವರ ಮೂಲ ಕಡತ, ಆ ಚಿತ್ರದ ಹಿಂದೆ ಮುಂದೆ ತೆಗೆದ ಚಿತ್ರಗಳು, ಅಲ್ಲಿದ್ದವರ ಮಾತು.

ಮಕ್ಕಳ ಚಿತ್ರದ ನಿಜವೂ ಹಾಗೆಯೇ ತಿಳಿದದ್ದು, ನಾ ಸನ್ ನ್ಗುಯೆನ್ ಅವರ ಬಾಯಿಂದ. ಅಪ್ಪ ಅಮ್ಮ ಹೊಲಕ್ಕೆ ಹೋಗಿದ್ದರು, ಮಕ್ಕಳು ಮನೆಯ ಮುಂದೆ ಆಡುತ್ತಿದ್ದರು. ಅಪರಿಚಿತನೊಬ್ಬನನ್ನು ಕಂಡು ಹುಡುಗಿ ಅತ್ತಳು, ಹುಡುಗ ಅವಳನ್ನು ಅಪ್ಪಿ ಸಮಾಧಾನ ಮಾಡಿದ. ಆ ಅಪರಿಚಿತ ಬೇರೆ ಯಾರೂ ಅಲ್ಲ, ಛಾಯಾಗ್ರಾಹಕರೇ. ಅಳುವಿನ ಕಾರಣ ಕ್ಯಾಮೆರಾದ ಹಿಂದೆ, ಚೌಕಟ್ಟಿನ ಹೊರಗೆ ನಿಂತಿತ್ತು.